ಸ್ಕ್ರೀನ್‌ಶಾಟ್ ಹಿಡಿದು ಬಂದವರಿಗೆ ಧಣಿಯ ಉತ್ತರ

2019ರ ಡಿಸೆಂಬರ್. ಪೌರತ್ವ ತಿದ್ದುಪಡಿ ಕಾಯ್ದೆಯ ಗಲಾಟೆ ದೇಶದಲ್ಲೆಲ್ಲ ನಡೆಯುತ್ತಿದ್ದ ಕಾಲ. ಉಡುಪಿ ಜಿಲ್ಲೆಯವರೊಬ್ಬರು ಸೌದಿ ಅರೇಬಿಯಾದ ದಮ್ಮಾಮಿನಲ್ಲಿ ಎ.ಸಿ. ರಿಪೇರಿಯ ತಂತ್ರಜ್ಞರಾಗಿದ್ದರು. ಆ ಗಲಾಟೆಗೆ ಸಂಬಂಧಿಸಿದ ವಿಡಿಯೊ ಒಂದನ್ನು ಅವರು ತಮ್ಮ ಫೇಸ್‌ಬುಕ್ ಖಾತೆಯಲ್ಲಿ ಹಂಚಿಕೊಂಡರು. ಆಕ್ಷೇಪ ಬಂದಾಗ ಕ್ಷಮೆ ಕೇಳಿ ಖಾತೆಯನ್ನೇ ಮುಚ್ಚಿದರು. ಅಷ್ಟರಲ್ಲಿ ಅವರದೇ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದುಕೊಂಡಿತ್ತು. ಅದರಲ್ಲಿ ಮೆಕ್ಕಾ ಮತ್ತು ಸೌದಿ ಯುವರಾಜರ ಬಗ್ಗೆ ಅವಹೇಳನದ ಪೋಸ್ಟ್‌ಗಳಿದ್ದವು. ಅವರು ಅಲ್ಲಿ ಬಂಧನಕ್ಕೊಳಗಾದರು, ಕೆಲಸವೂ ಹೋಯಿತು. ಹೆಂಡತಿ ಉಡುಪಿಯ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟ ಮೇಲೆ ತನಿಖೆ ನಡೆಯಿತು. ಆ ಎರಡನೇ ಖಾತೆ ನಕಲಿ, ಅದನ್ನು ತೆರೆದದ್ದು ಇಲ್ಲೇ ಮೂಡುಬಿದಿರೆ ಕಡೆಯಿಂದ ಎಂದು ಪೊಲೀಸರು ಪತ್ತೆ ಹಚ್ಚಿ 2020ರಲ್ಲಿ ಇಬ್ಬರನ್ನು ಬಂಧಿಸಿದರು. ತಂತ್ರಜ್ಞರು ಊರಿಗೆ ಮರಳಿದ್ದು 2021ರ ಆಗಸ್ಟ್‌ನಲ್ಲಿ, ಸುಮಾರು ಇಪ್ಪತ್ತು ತಿಂಗಳ ಮೇಲೆ.

ಈ ಪ್ರಕರಣವನ್ನು ನಮ್ಮಲ್ಲಿ ಹೆಚ್ಚಿನವರು ವಿದೇಶದ ಕಾನೂನಿನ ಕಥೆಯಾಗಿ ಕೇಳಿದ್ದಾರೆ. ಅದರೊಳಗೆ ಸಂಸ್ಥೆ ನಡೆಸುವವರಿಗೆ ಬೇಕಾದ ಸಂಗತಿಯೂ ಒಂದಿದೆ. ಆ ಮನುಷ್ಯನ ಹೆಸರಿನಲ್ಲಿದ್ದ ಪೋಸ್ಟ್‌ಗಳು ಎರಡು ಬಗೆಯವು. ಒಂದು ಅವರೇ ಹಾಕಿದ್ದು, ವಿವೇಚನೆ ಇಲ್ಲದ್ದಿರಬಹುದು, ಆದರೆ ಕ್ಷಮೆ ಕೇಳಿ ಮುಗಿಸಬಹುದಾದದ್ದು. ಇನ್ನೊಂದು ಅವರು ಹಾಕದೇ ಇದ್ದದ್ದು. ಮೊದಲನೆಯದು ನಿಜವಾಗಿದ್ದುದರಿಂದ ಎರಡನೆಯದನ್ನೂ ಜನ ಸುಲಭವಾಗಿ ನಂಬಿದರು. ಒಮ್ಮೆ ಎಡವಿದವನ ಹೆಸರಿನಲ್ಲಿ ನಕಲಿ ಖಾತೆ ತೆರೆಯುವುದು ಸುಲಭ, ಯಾಕೆಂದರೆ ಆಮೇಲೆ ಯಾರೂ ಪರೀಕ್ಷಿಸಲು ಹೋಗುವುದಿಲ್ಲ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆ ಹೋಟೆಲು, ರೆಸಾರ್ಟು, ನರ್ಸಿಂಗ್ ಹೋಮು, ಸಹಕಾರಿ ಸೊಸೈಟಿ, ಜವಳಿ ಅಂಗಡಿ ನಡೆಸುವವರಿಗೆ ಇಂಥ ರಾತ್ರಿ ಈಗ ಅಪರೂಪವಲ್ಲ. ಕೆಲಸದ ಹುಡುಗನೋ ಹುಡುಗಿಯೋ ತನ್ನ ಖಾತೆಯಲ್ಲಿ ಏನೋ ಹಾಕಿರುತ್ತಾರೆ. ಅದು ಸ್ಕ್ರೀನ್‌ಶಾಟ್ ಆಗಿ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡುತ್ತದೆ. ಕೆಳಗೆ ಅಂಗಡಿಯ ಹೆಸರು, ಧಣಿಯ ಫೋನ್ ನಂಬರು. ಹತ್ತು ಗಂಟೆಯೊಳಗೆ ಮೂವತ್ತು ಕರೆ. ಎಲ್ಲ ಕರೆಗಳದ್ದೂ ಒಂದೇ ಪ್ರಶ್ನೆ: ಅವನನ್ನು ತೆಗೆದಿರಾ ಇಲ್ಲವಾ?

ತೆಗೆದೆ ಎಂದು ಆ ರಾತ್ರಿಯೇ ಹೇಳಿಬಿಡುವುದು ನ್ಯಾಯದ ದೃಷ್ಟಿಯಿಂದ ತಪ್ಪು ಎಂದು ಎಲ್ಲರೂ ಒಪ್ಪಬಹುದು. ವ್ಯಾಪಾರದ ದೃಷ್ಟಿಯಿಂದಲೂ ಅದು ತಪ್ಪು ಎಂಬುದು ನನ್ನ ವಾದ. ಉತ್ತರ ಕೊಡುವುದಕ್ಕೆ ಅವಸರ ಬೇಕು, ಶಿಕ್ಷೆ ಕೊಡುವುದಕ್ಕೆ ಬೇಡ. ಇವೆರಡನ್ನೂ ಒಂದೇ ಕೆಲಸವೆಂದು ಭಾವಿಸುವುದರಿಂದಲೇ ನಮ್ಮ ಧಣಿಗಳು ಸಿಕ್ಕಿಬೀಳುತ್ತಾರೆ.

ಮೊದಲು ಗುರುತಿನ ಪ್ರಶ್ನೆ. ವಾಟ್ಸ್‌ಆ್ಯಪ್ ಸ್ಟೇಟಸ್ಸಿನ ಸ್ಕ್ರೀನ್‌ಶಾಟ್ ನೋಡಿ, ಮೇಲೆ ಹೆಸರಿದೆಯಲ್ಲ ಎಂದು ಜನ ವಾದಿಸುತ್ತಾರೆ. ಆ ಹೆಸರು ಸ್ಟೇಟಸ್ ಹಾಕಿದವನು ಬರೆದದ್ದಲ್ಲ. ನೋಡಿದವನು ತನ್ನ ಫೋನಿನಲ್ಲಿ ಆ ನಂಬರನ್ನು ಯಾವ ಹೆಸರಿನಲ್ಲಿ ಉಳಿಸಿಕೊಂಡಿದ್ದಾನೋ ಅದು. ನನ್ನ ಇನ್ನೊಂದು ನಂಬರನ್ನು ನಿಮ್ಮ ಹೋಟೆಲಿನ ಮ್ಯಾನೇಜರ್ ಹೆಸರಿನಲ್ಲಿ ಸೇವ್ ಮಾಡಿಕೊಂಡು, ಅದರಲ್ಲಿ ನಾನೇ ಏನಾದರೂ ಹಾಕಿ, ನಾನೇ ಸ್ಕ್ರೀನ್‌ಶಾಟ್ ತೆಗೆದರೆ ನಿಮ್ಮ ಮ್ಯಾನೇಜರ್ ಅಪರಾಧಿಯಾಗುತ್ತಾನೆ. ಎರಡು ನಿಮಿಷದ ಕೆಲಸ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆದರೆ ಚಿತ್ರ ಬೇಡ, ಕೊಂಡಿ ಕಳಿಸಿ ಎಂದು ಕೇಳಬೇಕು. ಕೊಂಡಿ ಕೊಡಲಾಗದ ದೂರನ್ನು ಅಷ್ಟೇ ತೂಕದಲ್ಲಿ ಇಟ್ಟುಕೊಳ್ಳಬೇಕು. ಕೊಂಡಿ ಇದ್ದರೆ ತೋರಿಕೆಯ ಹೆಸರನ್ನು ಬಿಟ್ಟು ಖಾತೆಯ ಬಳಕೆದಾರ ಹೆಸರನ್ನು ನೋಡಬೇಕು. ಅದರಲ್ಲಿ ಹಳೆಯ ಪೋಸ್ಟ್‌ಗಳಿವೆಯೇ, ಊರಿನ ಗೆಳೆಯರು ಹಿಂದೆ ಮಾತಾಡಿದ್ದಾರೆಯೇ, ಅಥವಾ ಖಾತೆ ನಿನ್ನೆ ಹುಟ್ಟಿದ್ದೇ ಎಂದು ನೋಡಬೇಕು. ಇನ್‌ಸ್ಟಾಗ್ರಾಮಿನಲ್ಲಿ ಪ್ರೊಫೈಲಿನ ಮೂರು ಚುಕ್ಕೆ ಒತ್ತಿದರೆ ಹಲವು ಖಾತೆಗಳಿಗೆ About this account ಎಂಬುದು ಕಾಣಿಸುತ್ತದೆ. ಖಾತೆ ಯಾವ ತಿಂಗಳು ಶುರುವಾಯಿತೆಂದು ಅಲ್ಲಿರುತ್ತದೆ. ಎಲ್ಲ ಖಾತೆಗೂ ಅದು ಸಿಗುವುದಿಲ್ಲ.

ಇಲ್ಲಿ ಒಂದು ಸಾಮಾನ್ಯ ಎಡವಟ್ಟಿದೆ. ವಿಷಯ ಗೊತ್ತಾದ ಕೂಡಲೇ ಧಣಿ ಹುಡುಗನಿಗೆ ಫೋನ್ ಮಾಡಿ, “ಮೊದಲು ಡಿಲೀಟ್ ಮಾಡು ಮಾರಾಯ” ಅನ್ನುತ್ತಾನೆ. ಹುಡುಗ ಅಳಿಸುತ್ತಾನೆ. ಅಳಿಸಿದ ಮೇಲೆ ಮೂಲದಲ್ಲಿ ಏನಿತ್ತು ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಇಪ್ಪತ್ತು ಸೆಕೆಂಡಿನ ವಿಡಿಯೊದಿಂದ ಕತ್ತರಿಸಿದ ಆರು ಸೆಕೆಂಡು, ಮೇಲೆ ಬೇರೆಯವರು ಬರೆದ ಶೀರ್ಷಿಕೆ, ಇದೇ ನಿಜವಾಗಿ ನಿಲ್ಲುತ್ತದೆ. ಮೊದಲು ಕೊಂಡಿ, ಸಮಯ, ಇಡೀ ವಿಡಿಯೊ, ಕೆಳಗಿನ ಮಾತುಗಳು ಎಲ್ಲವನ್ನೂ ಸ್ಕ್ರೀನ್ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು, ಆಮೇಲೆ ತೆಗೆಸಬೇಕು. ಮುಂದೆ ಪ್ರಕರಣ ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಇಲ್ಲದ ಪ್ರಿಂಟ್‌ಔಟಿಗೆ ಬೆಲೆ ಕಡಿಮೆ. ಆದ್ದರಿಂದ ಯಾವ ಫೋನಿನಲ್ಲಿ, ಯಾರು, ಎಷ್ಟು ಹೊತ್ತಿಗೆ ರೆಕಾರ್ಡ್ ಮಾಡಿದರೆಂದು ಒಂದು ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು. ಹುಡುಗನ ಫೋನನ್ನು ಕಿತ್ತುಕೊಂಡು ತಡಕಾಡುವ ಅಧಿಕಾರ ಮಾತ್ರ ಧಣಿಗೆ ಇಲ್ಲ. ಅವನ ಎದುರಿಗೆ ಕೂತು, ಅವನೇ ತೆರೆದು ತೋರಿಸಿದ್ದನ್ನು ನೋಡಬಹುದು, ಅಷ್ಟೇ.

ಖಾತೆ ನಕಲಿ ಎಂದಾದರೆ ಸಂಸ್ಥೆ ಕೆಲಸದವನ ಪಕ್ಕದಲ್ಲಿ ನಿಲ್ಲಬೇಕು. ಇನ್ನೊಬ್ಬರ ಗುರುತು ಕದಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ ಮೂರು ವರ್ಷದವರೆಗೆ ಜೈಲಾಗುವ ಅಪರಾಧ. cybercrime.gov.in ತಾಣದಲ್ಲಿಯೋ ಉಡುಪಿಯ ಸೆನ್ ಠಾಣೆಯಲ್ಲಿಯೋ ದೂರು ಕೊಡಲು ಅವನ ಜೊತೆ ಒಬ್ಬರನ್ನು ಕಳಿಸಬೇಕು. ದಮ್ಮಾಮಿನ ಪ್ರಕರಣದಲ್ಲಿ ಆ ಓಡಾಟವೆಲ್ಲ ಮನೆಯವರ ಪಾಲಿಗೆ ಬಂತು.

ಗುರುತು ಖಚಿತವಾದ ಮೇಲಿನ ಪ್ರಶ್ನೆ, ಈ ಪೋಸ್ಟಿಗೂ ಕೆಲಸಕ್ಕೂ ಏನು ಸಂಬಂಧ ಎಂಬುದು. ಸಂಸ್ಥೆಗೆ ಕೆಟ್ಟ ಹೆಸರು ಬಂತು ಎನ್ನುವುದೇ ಸಂಬಂಧವಲ್ಲ. ಹೆಸರು ಕೆಡಿಸಿದ್ದು ಪೋಸ್ಟೋ, ಅದರ ಕೆಳಗೆ ಅಂಗಡಿಯ ಹೆಸರು ಸೇರಿಸಿ ಹಂಚಿದವನೋ ಎಂದು ನೋಡಬೇಕಾಗುತ್ತದೆ. ಗ್ಲ್ಯಾಕ್ಸೊ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾರ್ಮಿಕನ ದುರ್ನಡತೆಗೆ ಕೆಲಸದ ಜಾಗದೊಂದಿಗೆ ಸಂಬಂಧ ಇರಬೇಕೆಂದಿತು. ಗೇಟಿನ ಹೊರಗಿನ ಅವನ ಬದುಕಿನ ಮೇಲೆಲ್ಲ ಮಾಲೀಕನ ಅಧಿಕಾರ ಚಾಚುವುದಿಲ್ಲ ಎಂಬುದು ಅದರ ಸಾರ. ಅದು ಸ್ಮಾರ್ಟ್‌ಫೋನಿಗೆ ಬಹಳ ಮುಂಚಿನ, 1980ರ ದಶಕದ ತೀರ್ಪು. ಈಗ ಗೇಟು ಎಲ್ಲಿದೆ ಎಂದು ಹೇಳುವುದು ಕಷ್ಟ. ಆದರೂ ಗುರುತುಗಳಿವೆ. ಪೋಸ್ಟಿನಲ್ಲಿ ಸಂಸ್ಥೆಯ ಹೆಸರಿತ್ತೇ, ಮೈಮೇಲೆ ಯೂನಿಫಾರ್ಮ್ ಇತ್ತೇ, ತೆಗೆದದ್ದು ಕೆಲಸದ ಜಾಗದಲ್ಲೇ, ಅದರಲ್ಲಿ ಗಿರಾಕಿಯ ಮುಖವೋ ರೋಗಿಯ ಚೀಟಿಯೋ ಕಾಣುತ್ತದೆಯೇ? ಮಣಿಪಾಲದ ನರ್ಸ್ ಒಬ್ಬಳು ವಾರ್ಡಿನಲ್ಲಿ ಸೆಲ್ಫಿ ತೆಗೆದು, ಹಿಂದೆ ರೋಗಿಯ ಹೆಸರಿರುವ ಫಲಕ ಕಂಡರೆ, ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇಲ್ಲದಿದ್ದರೂ ಅದು ಸಂಸ್ಥೆಯದೇ ತಪ್ಪು. ಕಾರ್ಕಳದ ಸೊಸೈಟಿಯ ಗುಮಾಸ್ತ ಭಾನುವಾರ ಮನೆಯಲ್ಲಿ ಕೂತು ಒಂದು ಪಕ್ಷವನ್ನು ಬೈದರೆ, ಮಾತು ಎಷ್ಟೇ ಒರಟಾಗಿದ್ದರೂ, ಸೊಸೈಟಿ ಮಾಡಬೇಕಾದದ್ದು ಬಹಳ ಕಡಿಮೆ. ಕರೆಗಳ ಸಂಖ್ಯೆ ನೋಡಿದರೆ ಇದಕ್ಕೆ ತಿರುಗುಮುರುಗು. ನರ್ಸಿನ ಸೆಲ್ಫಿಗೆ ಯಾರೂ ಕರೆ ಮಾಡುವುದಿಲ್ಲ, ಗುಮಾಸ್ತನ ಬೈಗುಳಕ್ಕೆ ಊರೇ ಎದ್ದು ನಿಲ್ಲುತ್ತದೆ. ಗದ್ದಲದ ಗಾತ್ರವನ್ನು ತಪ್ಪಿನ ಗಾತ್ರವೆಂದು ತಿಳಿಯಬಾರದು ಎನ್ನುವುದು ಇದಕ್ಕಾಗಿ.

ಒಂದು ಪ್ರಸಂಗವನ್ನು ಕಲ್ಪಿಸಿಕೊಂಡು ಕೊನೆಯವರೆಗೆ ನೋಡೋಣ. ಕಾಪು ಕಡಲ ಬದಿಯಲ್ಲಿ ಒಂದು ರೆಸಾರ್ಟು, ನಲವತ್ತು ಜನ ಕೆಲಸದವರು. ಅವರಲ್ಲಿ ಕೊಪ್ಪಳ ಕಡೆಯ ಹುಡುಗನೊಬ್ಬ ಊಟ ಬಡಿಸುವ ಕೆಲಸಕ್ಕಿದ್ದಾನೆ, ಬಂದು ಒಂದು ವರ್ಷವಾಗಿದೆ. ‘ಕಾಂತಾರ’ ನೋಡಿದ್ದಾನೆ. ಭಾನುವಾರ ರಾತ್ರಿ ಗಿರಾಕಿಗಳು ಹೋದ ಮೇಲೆ ಹಿಂದಿನ ಅಂಗಳದಲ್ಲಿ, ರೆಸಾರ್ಟಿನ ಹೆಸರಿರುವ ಟೀಶರ್ಟಿನಲ್ಲೇ, ದೈವದ ಆವೇಶ ಬಂದವನಂತೆ ಕುಣಿದು ಕೂಗು ಹಾಕುತ್ತಾನೆ. ಉಳಿದವರು ನಗುತ್ತಾರೆ. ರೀಲ್ಸ್ ಇನ್‌ಸ್ಟಾಗ್ರಾಮಿಗೆ ಹೋಗುತ್ತದೆ. ಸೋಮವಾರ ಬೆಳಿಗ್ಗೆ ಅದು ಕಾಪುವಿನಿಂದ ಕಾರ್ಕಳದವರೆಗೆ ಎಲ್ಲ ಗುಂಪುಗಳಲ್ಲಿದೆ.

ಇಂಥದ್ದು ನಡೆಯಲಾರದ್ದೇನಲ್ಲ. 2025ರ ಅಕ್ಟೋಬರ್‌ನಲ್ಲಿ ‘ಕಾಂತಾರ’ದ ಎರಡನೇ ಚಿತ್ರ ಬಂದಾಗ ಚಿತ್ರಮಂದಿರಗಳಲ್ಲಿ, ರಸ್ತೆಗಳಲ್ಲಿ ದೈವದ ಅನುಕರಣೆ ಎಷ್ಟಾಯಿತೆಂದರೆ, ಹಾಗೆ ಮಾಡಬೇಡಿ ಎಂದು ಚಿತ್ರ ನಿರ್ಮಿಸಿದ ಹೊಂಬಾಳೆ ಸಂಸ್ಥೆಯೇ ಜನರನ್ನು ಕೇಳಿಕೊಳ್ಳಬೇಕಾಯಿತು. ತುಳುನಾಡಿನವರಿಗೆ ಅದು ಎಷ್ಟು ನೋಯುವ ವಿಷಯವೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೊರಗಿನವನಿಗೆ ಅದು ಸಿನಿಮಾದ ಒಂದು ದೃಶ್ಯ.

ರೆಸಾರ್ಟಿನ ಧಣಿ ಸೋಮವಾರ ಮಧ್ಯಾಹ್ನದೊಳಗೆ ಒಂದು ಮಾತು ಹೇಳಲೇಬೇಕು. ಮೌನವಾಗಿದ್ದರೆ ಒಪ್ಪಿಕೊಂಡಂತೆ ಆಗುತ್ತದೆ. ಆ ಮಾತು ಹೀಗಿರಬಹುದು: “ನಮ್ಮ ಟೀಶರ್ಟ್ ಧರಿಸಿದವರೊಬ್ಬರು ದೈವವನ್ನು ಅನುಕರಿಸುವ ವಿಡಿಯೊ ನಮ್ಮ ಗಮನಕ್ಕೆ ಬಂದಿದೆ. ಸಂಸ್ಥೆ ಇದನ್ನು ಮಾಡಿಸಿಲ್ಲ, ಒಪ್ಪುವುದೂ ಇಲ್ಲ. ಯಾರು, ಎಲ್ಲಿ, ಹೇಗೆ ಮಾಡಿದ್ದೆಂದು ವಿಚಾರಿಸುತ್ತಿದ್ದೇವೆ. ಗುರುವಾರ ಸಂಜೆಯೊಳಗೆ ತಿಳಿಸುತ್ತೇವೆ.” ಐದಾರು ಸಾಲು, ಕನ್ನಡದಲ್ಲಿ, ಬೇಕಿದ್ದರೆ ತುಳುವಿನಲ್ಲಿಯೂ. ಹುಡುಗನ ಹೆಸರು ಅದರಲ್ಲಿ ಬರಕೂಡದು, ಊರು, ಜಾತಿ ಏನೂ ಬರಕೂಡದು. ‘ಕಠಿಣ ಕ್ರಮ’ ಎಂಬ ಮಾತೂ ಬೇಡ. ವಿಚಾರಣೆಗೆ ಮುಂಚೆ ಕಠಿಣ ಕ್ರಮದ ಮಾತು ಕೊಟ್ಟವನು ಆಮೇಲೆ ವಿಚಾರಣೆಯಲ್ಲಿ ಏನು ಕಂಡರೂ ಆ ಮಾತಿಗೇ ಕಟ್ಟುಬೀಳುತ್ತಾನೆ. ಗುರುವಾರ ಎಂದು ದಿನ ಹೇಳಿದ್ದರಿಂದ ಕರೆ ಮಾಡುವವರಿಗೆ ಕೊಡಲು ಒಂದು ಉತ್ತರ ಸಿಗುತ್ತದೆ. ಗುರುವಾರದ ತನಕ ಹುಡುಗನನ್ನು ಊಟ ಬಡಿಸಲು ಬಿಡದೆ, ಸಂಬಳ ಹಿಡಿಯದೆ, ಒಳಗಿನ ಕೆಲಸಕ್ಕೆ ಹಾಕಬಹುದು. ಅಮಾನತಿನಲ್ಲಿಟ್ಟರೆ ಜೀವನಾಧಾರ ಭತ್ಯೆ ಕೊಡಬೇಕಾಗುತ್ತದೆ. ಕರ್ನಾಟಕದಲ್ಲಿ ಅದಕ್ಕೆಂದೇ 1988ರ ಕಾಯ್ದೆ ಇದೆ, ಮೊದಲ 90 ದಿನಕ್ಕೆ ಅರ್ಧ ಸಂಬಳ. ಬಹಳ ಮಂದಿ ಅಮಾನತು ಎಂದರೆ ಸಂಬಳವಿಲ್ಲದ ರಜೆ ಎಂದುಕೊಂಡಿದ್ದಾರೆ.

ವಿಚಾರಣೆ ಎಂದರೆ ಕೋರ್ಟಿನಂಥದ್ದಲ್ಲ. ಆರೋಪವನ್ನು ಬರೆದು ಕೊಡಬೇಕು, ಉತ್ತರಿಸಲು ಸಮಯ ಕೊಡಬೇಕು, ಅವನು ಹೇಳಿದ್ದನ್ನು ಬರೆದುಕೊಳ್ಳಬೇಕು. ಆರೋಪ ಹೊರಿಸಿದವನೇ ತೀರ್ಮಾನಿಸದೆ ಬೇರೊಬ್ಬರು ಕೂರಬೇಕು. ಸಣ್ಣ ಸಂಸ್ಥೆಯಾದರೆ ಲೆಕ್ಕಪರಿಶೋಧಕರೋ ಪರಿಚಯದ ವಕೀಲರೋ ಸಾಕು. ನಮ್ಮ ಕಲ್ಪನೆಯ ಹುಡುಗ ಹೇಳುವುದು ಇಷ್ಟೇ ಇದ್ದೀತು: “ಪಿಚ್ಚರ್‌ನ್ಯಾಗ ನೋಡಿದ್ದು ಮಾಡಿದೆ ರೀ. ಇಲ್ಲಿ ಮಂದಿಗಿ ಅದು ದೇವ್ರು ಅಂತ ಗೊತ್ತಿರಲಿಲ್ರೀ.” ಇದನ್ನು ನಂಬಬೇಕೋ ಬೇಡವೋ ಎಂಬುದು ಅವನ ಹಳೆಯ ಪೋಸ್ಟ್‌ಗಳಿಂದ ತಿಳಿಯುತ್ತದೆ. ಇದೇ ಬಗೆಯ ಲೇವಡಿ ಹಿಂದೆ ಐದು ಸಲ ಇದ್ದರೆ ಗೊತ್ತಿರಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಇದೊಂದೇ ಆದರೆ ನಿಲ್ಲುತ್ತದೆ.

ಆಮೇಲೆ ಧಣಿಗೆ ಹಿತವಲ್ಲದ ಪ್ರಶ್ನೆಗಳು ಬರುತ್ತವೆ. ವಿಡಿಯೊ ತೆಗೆದವರು ಯಾರು? ಸೂಪರ್‌ವೈಸರ್ ಅಲ್ಲೇ ನಿಂತು ನಕ್ಕಿದ್ದನೇ? ಹಾಗಿದ್ದರೆ ಕೆಳಗಿನ ಹುಡುಗನೊಬ್ಬನನ್ನೇ ಶಿಕ್ಷಿಸುವುದು ಹೇಗೆ? ಇನ್ನೂ ಒಂದಿದೆ. ಕರಾವಳಿಯ ಎಷ್ಟೋ ರೆಸಾರ್ಟುಗಳು ಗೋಡೆಯ ಮೇಲೆ ದೈವದ ಮುಖ ಬರೆಸಿ, ಬಂದವರು ಅದರ ಮುಂದೆ ಫೋಟೊ ತೆಗೆಸಿಕೊಳ್ಳಲೆಂದು ದೀಪ ಹಾಕಿಸಿವೆ. ದೈವವನ್ನು ಅಲಂಕಾರದ ಸಾಮಾನು ಮಾಡಿದ್ದು ಧಣಿ. ಹುಡುಗ ಅದಕ್ಕೆ ಕುಣಿತ ಸೇರಿಸಿದ. ಗುರುವಾರದ ಹೇಳಿಕೆಯಲ್ಲಿ ಈ ವಿಷಯವೂ ಬಂದರೆ ಊರಿನ ಹಿರಿಯರು ಉಳಿದದ್ದನ್ನು ನಂಬುತ್ತಾರೆ.

ಕ್ಷಮೆ ಯಾರಲ್ಲಿ ಕೇಳಬೇಕು? ಇಲ್ಲಿ ನಮ್ಮ ನಾಡಿನಲ್ಲೇ ಒಂದು ದಾರಿಯಿದೆ. ದೈವಸ್ಥಾನಕ್ಕೆ ಹೋಗಿ ತಪ್ಪು ಕಾಣಿಕೆ ಹಾಕುವುದು. ಊರಿನ ಗುತ್ತಿನವರು, ದೈವಸ್ಥಾನದ ಮುಖ್ಯಸ್ಥರು ಇದ್ದಾಗ ಧಣಿ ಹುಡುಗನ ಜೊತೆ ತಾನೂ ಹೋಗಿ ಕಾಣಿಕೆ ಇಟ್ಟು ತಪ್ಪಾಯಿತೆಂದು ಹೇಳಿದರೆ, ನಿಜವಾಗಿ ನೊಂದವರಿಗೆ ಅಷ್ಟು ಸಾಕಾಗುತ್ತದೆ. ಹುಡುಗನಿಗೆ ಮನಸ್ಸಿದ್ದರೆ ಮಾತ್ರ ಕರೆದುಕೊಂಡು ಹೋಗಬೇಕು. ಅದನ್ನು ವಿಡಿಯೊ ಮಾಡಕೂಡದು. ಈ ಎರಡನೇ ಮಾತು ಹೆಚ್ಚು ಮುಖ್ಯ. 2019ರ ಮಾರ್ಚ್‌ನಲ್ಲಿ ವಿಜಯಪುರದ ಎಂಜಿನಿಯರಿಂಗ್ ಕಾಲೇಜೊಂದರ ಅಧ್ಯಾಪಕರು ಭಾರತ–ಪಾಕಿಸ್ತಾನ ಬಿಕ್ಕಟ್ಟಿನ ಬಗ್ಗೆ ತಮ್ಮ ಫೇಸ್‌ಬುಕ್‌ನಲ್ಲಿ ಬರೆದಿದ್ದಕ್ಕೆ, ಪ್ರತಿಭಟನೆಗೆ ಬಂದವರ ಎದುರು ಕಾಲೇಜಿನ ಆವರಣದಲ್ಲೇ ಮಂಡಿಯೂರಿ ಕ್ಷಮೆ ಕೇಳಬೇಕಾಯಿತು. ಅದರ ವಿಡಿಯೊವನ್ನು ದೇಶವೆಲ್ಲ ನೋಡಿತು. ಅವರು ಬರೆದದ್ದು ಏನೆಂದು ಇವತ್ತು ಯಾರಿಗೂ ನೆನಪಿಲ್ಲ, ಮಂಡಿಯೂರಿದ್ದು ನೆನಪಿದೆ. ತನ್ನ ಸಿಬ್ಬಂದಿಯನ್ನು ತನ್ನ ಆವರಣದಲ್ಲೇ ಕಾಪಾಡಲಾಗದ ಸಂಸ್ಥೆ ಎಂಬ ಹೆಸರು ಪೋಸ್ಟ್ ತಂದ ಕೆಟ್ಟ ಹೆಸರಿಗಿಂತ ದೊಡ್ಡದಾಗಿ ಅಂಟಿಕೊಂಡಿತು.

ನೊಂದವರು ಬೇರೆ, ನೋವನ್ನು ಹಿಡಿದು ಓಡಾಡುವವರು ಬೇರೆ. ಕಾಪುವಿನ ದೈವಸ್ಥಾನದ ಚಾಕರಿಯವನಿಗೆ ಉತ್ತರ ಕೊಡುವ ಹೊಣೆ ಧಣಿಗಿದೆ. ಬೆಂಗಳೂರಿನಲ್ಲೋ ದುಬೈಯಲ್ಲೋ ಕೂತು ಒಂದೇ ಒಂದು ದಿನವೂ ಆ ರೆಸಾರ್ಟಿನಲ್ಲಿ ಊಟ ಮಾಡದೆ ಗೂಗಲ್‌ನಲ್ಲಿ ಒಂದು ಸ್ಟಾರ್ ಒತ್ತುವವನಿಗೆ ಇಲ್ಲ. ನಿಜವಾದ ಅನುಭವವಿಲ್ಲದೆ ಬರೆದ ವಿಮರ್ಶೆ ಗೂಗಲ್ಲಿನ ನಿಯಮಕ್ಕೇ ವಿರುದ್ಧ. ಒಂದೊಂದನ್ನೂ ದೂರಿ ತೆಗೆಸಬೇಕು, ಪ್ರತಿಯೊಂದರ ಕೆಳಗೂ ಜಗಳ ಮಾಡಬಾರದು.

ಪೊಲೀಸ್ ಕೇಸಾದರೆ? ಧರ್ಮಕ್ಕೆ ಅವಮಾನ ಮಾಡುವ ಅಪರಾಧ ಈಗ ಭಾರತೀಯ ನ್ಯಾಯ ಸಂಹಿತೆಯ 299ರಲ್ಲಿದೆ, ಹಳೆಯ 295ಎ. ಅದರಲ್ಲಿ ಉದ್ದೇಶಪೂರ್ವಕ ಮತ್ತು ದುರುದ್ದೇಶದ ಅವಮಾನ ಎಂದಿದೆ. 1957ರಲ್ಲೇ ಸುಪ್ರೀಂ ಕೋರ್ಟ್ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ, ತಿಳಿಯದೆಯೋ ಅಜಾಗರೂಕತೆಯಿಂದಲೋ ಆದ ಅವಮಾನ ಈ ಸೆಕ್ಷನ್ನಿನೊಳಗೆ ಬರುವುದಿಲ್ಲ ಎಂದಿದೆ. ದೂರು ದಾಖಲಾಯಿತು ಎಂಬುದನ್ನೇ ಕೆಲಸದಿಂದ ತೆಗೆಯಲು ಕಾರಣ ಮಾಡಿಕೊಂಡರೆ, ಕಾನೂನು ಅಪರಾಧವಲ್ಲ ಎಂದದ್ದನ್ನು ಧಣಿ ಅಪರಾಧ ಮಾಡಿದಂತಾಗುತ್ತದೆ.

ಇನ್ನು ಕೆಲಸದಿಂದ ತೆಗೆಯುವ ಮಾತು. ಹೋಟೆಲು, ಅಂಗಡಿಗಳಿಗೆ ಅನ್ವಯಿಸುವುದು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಅದರ 39ನೇ ಸೆಕ್ಷನ್ ಪ್ರಕಾರ ಆರು ತಿಂಗಳು ಸತತ ಕೆಲಸ ಮಾಡಿದವನನ್ನು ನ್ಯಾಯವಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸೋ ಅದರ ಬದಲು ಸಂಬಳವೋ ಇಲ್ಲದೆ ತೆಗೆಯುವಂತಿಲ್ಲ. ದುರ್ನಡತೆಗಾಗಿ ತೆಗೆಯುವುದಾದರೆ ನೋಟಿಸು ಬೇಡ, ಆದರೆ ಆ ದುರ್ನಡತೆಗೆ ವಿಚಾರಣೆಯಲ್ಲಿ ದಾಖಲಾದ ತೃಪ್ತಿಕರ ಸಾಕ್ಷ್ಯ ಬೇಕು. ರಾತ್ರಿ ಹನ್ನೊಂದಕ್ಕೆ ಫೇಸ್‌ಬುಕ್‌ನಲ್ಲಿ ‘ವಜಾ ಮಾಡಲಾಗಿದೆ’ ಎಂದು ಹಾಕಿದ ಧಣಿಯ ಕೈಯಲ್ಲಿ ವಿಚಾರಣೆಯೂ ಇಲ್ಲ, ದಾಖಲೆಯೂ ಇಲ್ಲ. ಅವನ ಹೇಳಿಕೆಯೇ ಅವನ ವಿರುದ್ಧದ ಸಾಕ್ಷಿ. ಕೊಪ್ಪಳದ ಹುಡುಗ ಕೋರ್ಟಿಗೆ ಹೋಗುವುದಿಲ್ಲ ಎನ್ನುವ ಧೈರ್ಯದ ಮೇಲೆ ಇದೆಲ್ಲ ನಡೆಯುತ್ತದೆ.

ನಮ್ಮ ಪ್ರಸಂಗದಲ್ಲಿ ನನ್ನ ತೀರ್ಮಾನ ಹೀಗಿರುತ್ತಿತ್ತು: ಹುಡುಗನಿಗೂ ವಿಡಿಯೊ ತೆಗೆದವನಿಗೂ ಲಿಖಿತ ಎಚ್ಚರಿಕೆ, ಅಲ್ಲಿದ್ದು ತಡೆಯದ ಸೂಪರ್‌ವೈಸರಿಗೆ ಅದಕ್ಕಿಂತ ಒಂದು ಮೆಟ್ಟಿಲು ಹೆಚ್ಚು. ಯೂನಿಫಾರ್ಮಿನಲ್ಲಿ, ಕೆಲಸದ ಆವರಣದಲ್ಲಿ, ಗಿರಾಕಿಗಳು ಕಾಣುವಂತೆ ವಿಡಿಯೊ ಮಾಡಿ ಹಾಕಬಾರದು ಎಂದು ಒಂದು ಪುಟದ ನಿಯಮ, ಹೊಸಬರು ಓದಬಲ್ಲ ಭಾಷೆಯಲ್ಲಿ, ಸೇರುವ ದಿನವೇ ಸಹಿಯೊಂದಿಗೆ. ಸಹಿ ಹಾಕಿದ ಮೇಲೂ ಮಾಡಿದರೆ ಅದು ಬೇರೆ ಪ್ರಕರಣ. ನಿಯಮ ಆ ಮೂರಕ್ಕೇ ನಿಲ್ಲಬೇಕು. ‘ಸಂಸ್ಥೆಯ ಗೌರವಕ್ಕೆ ಧಕ್ಕೆ ತರುವ ಯಾವುದನ್ನೂ ಹಾಕಬಾರದು’ ಎಂಬ ಸಾಲು ವಕೀಲರ ಹಳೆಯ ಕರಡುಗಳಲ್ಲಿ ಇರುತ್ತದೆ. ಅದರಿಂದ ಹುಡುಗನಿಗೆ ಏನು ಮಾಡಬಾರದೆಂದು ತಿಳಿಯುವುದಿಲ್ಲ, ಗುಂಪಿಗೆ ಮಾತ್ರ ಏನನ್ನು ಕೇಳಬಹುದೆಂದು ತಿಳಿಯುತ್ತದೆ.

ಎಲ್ಲ ಪೋಸ್ಟೂ ಎಚ್ಚರಿಕೆಗೆ ಮುಗಿಯುವುದಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಾದ ವಾರದಲ್ಲೇ, ಬೆಂಗಳೂರಿನ ಇನ್ಫೊಸಿಸ್ ಉದ್ಯೋಗಿಯೊಬ್ಬರು ಹೊರಗೆ ಹೋಗಿ ಬಾಯಿ ತೆರೆದು ಸೀನಿ ವೈರಸ್ ಹರಡೋಣ ಎಂದು ಬರೆದರು. ಪೊಲೀಸರು ಬಂಧಿಸಿದರು, ಕಂಪನಿ ವಜಾ ಮಾಡಿತು. ಗಮನಿಸಬೇಕಾದದ್ದು ಕಂಪನಿಯ ಹೇಳಿಕೆ. ತನಿಖೆ ಮುಗಿಸಿದ್ದೇವೆ, ಬೇರೆ ಯಾರನ್ನೋ ಅವರೆಂದು ತಪ್ಪಾಗಿ ಗುರುತಿಸಿದ ಪ್ರಕರಣ ಇದಲ್ಲವೆಂದು ನಂಬುತ್ತೇವೆ, ಇದು ನಮ್ಮ ನಡವಳಿಕೆ ಸಂಹಿತೆಗೆ ವಿರುದ್ಧ ಎಂಬ ಕ್ರಮದಲ್ಲಿ ಅದು ಮಾತಾಡಿತು. ಗುರುತು ಮೊದಲು, ನಿಯಮ ಆಮೇಲೆ, ಶಿಕ್ಷೆ ಕೊನೆಗೆ. ಅಷ್ಟು ದೊಡ್ಡ ಕಂಪನಿಗೆ, ಅಂಥ ಪೋಸ್ಟಿನಲ್ಲೂ ಈ ಕ್ರಮ ಸಾಧ್ಯವಾಯಿತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಇನ್ನೊಂದು ಕಂಪನಿ, ಹೆಣ್ಣುಮಗಳೊಬ್ಬಳ ಉಡುಪಿನ ವಿಷಯಕ್ಕೆ ಆ್ಯಸಿಡ್ ಎರಚುವ ಬೆದರಿಕೆಯ ಸಂದೇಶ ಕಳಿಸಿದ ನೌಕರನನ್ನು ತೆಗೆದುಹಾಕಿತು. ಬೆದರಿಕೆ ಅಭಿಪ್ರಾಯವಲ್ಲ. ಜೊತೆಯಲ್ಲಿ ಹೆಣ್ಣುಮಕ್ಕಳು ಕೆಲಸ ಮಾಡುವ ಕಚೇರಿಗೆ ಅಂಥವನನ್ನು ಮರುದಿನ ಬಾ ಎನ್ನಲಾಗದು.

ಮಣಿಪಾಲದ್ದೇ ಒಂದು ಪ್ರಸಂಗ ಇದಕ್ಕಿಂತ ನಮಗೆ ಹತ್ತಿರದ್ದು. 2022ರ ನವೆಂಬರ್‌ನಲ್ಲಿ ಮಣಿಪಾಲ ತಾಂತ್ರಿಕ ವಿದ್ಯಾಲಯದ ತರಗತಿಯಲ್ಲಿ ಅಧ್ಯಾಪಕರೊಬ್ಬರು ಮುಸ್ಲಿಂ ವಿದ್ಯಾರ್ಥಿಯನ್ನು ಭಯೋತ್ಪಾದಕನ ಹೆಸರಿನಿಂದ ಕರೆದ ವಿಡಿಯೊ ಹರಡಿತು. ಅದು ಅಧ್ಯಾಪಕರು ಹಾಕಿದ ಪೋಸ್ಟಲ್ಲ, ತರಗತಿಯಲ್ಲಿ ಆಡಿದ ಮಾತು. ಹಾಗಾಗಿ ಸಂಬಂಧದ ಪ್ರಶ್ನೆಯೇ ಅಲ್ಲಿರಲಿಲ್ಲ. ಆದರೂ ಸಂಸ್ಥೆ ಅವರನ್ನು ಅಂದೇ ವಜಾ ಮಾಡಲಿಲ್ಲ. ವಿಚಾರಣೆ ಮುಗಿಯುವವರೆಗೆ ಅಮಾನತು ಮಾಡಿತು, ಅದನ್ನು ಸಾರ್ವಜನಿಕವಾಗಿ ಹೇಳಿತು. ವಿದ್ಯಾರ್ಥಿ ಸ್ವತಃ ಅಧ್ಯಾಪಕರು ಮನಸಾರೆ ಕ್ಷಮೆ ಕೇಳಿದ್ದಾರೆ, ಇದನ್ನು ಇಲ್ಲಿಗೆ ಬಿಡೋಣ ಎಂಬರ್ಥದಲ್ಲಿ ಬರೆದ. ನೊಂದವನಿಗೇ ಮಾತಾಡಲು ಅವಕಾಶವಾದದ್ದು ಎಲ್ಲವೂ ಒಂದೇ ರಾತ್ರಿಯಲ್ಲಿ ತೀರ್ಮಾನವಾಗದೆ ಉಳಿದದ್ದರಿಂದ.

ಇದಕ್ಕೆ ಧಣಿಗಳ ಕಡೆಯಿಂದ ಬರುವ ಆಕ್ಷೇಪ ನನಗೆ ಗೊತ್ತು. ದೊಡ್ಡ ಸಂಸ್ಥೆಗೆ ವಕೀಲರಿದ್ದಾರೆ, ಜನಸಂಪರ್ಕದವರಿದ್ದಾರೆ, ನನ್ನದು ಹದಿನಾರು ಟೇಬಲ್ಲಿನ ಹೋಟೆಲು, ನಾಳೆ ಬೆಳಿಗ್ಗೆ ಯಾರೂ ಬರದಿದ್ದರೆ ಹಾಲಿನವನಿಗೆ ಕೊಡಲು ದುಡ್ಡಿಲ್ಲ, ಒಬ್ಬ ಹುಡುಗನಿಗಾಗಿ ಇಪ್ಪತ್ತು ಜನರ ಅನ್ನ ಕಳೆಯಲೇ? ಈ ಮಾತಿನಲ್ಲಿ ಹುರುಳಿದೆ. ಆದರೆ ಲೆಕ್ಕ ಪೂರ್ತಿಯಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ಬಹಿಷ್ಕಾರದ ಕರೆ ಒಂದೇ ಕಡೆಯಿಂದ ಬರುವುದಿಲ್ಲ. ಈ ವಾರ ಒಂದು ಗುಂಪಿಗೆ ಬೇಡವಾದ ಹುಡುಗ, ಮುಂದಿನ ತಿಂಗಳು ಇನ್ನೊಂದು ಗುಂಪಿಗೆ ಬೇಡವಾದ ಕ್ಯಾಷಿಯರ್. ಮೊದಲ ಕರೆಗೆ ಹುಡುಗನನ್ನು ತೆಗೆದ ಹೋಟೆಲಿಗೆ ಎರಡನೇ ಕರೆ ಬೇಗ ಬರುತ್ತದೆ, ಯಾಕೆಂದರೆ ಅಲ್ಲಿ ಕೆಲಸವಾಗುತ್ತದೆ ಎಂದು ಎಲ್ಲರಿಗೂ ಗೊತ್ತಾಗಿರುತ್ತದೆ. ಆಗ ತೆಗೆಯದಿದ್ದರೆ, ಅವರ ಮಾತು ಕೇಳಿದಿರಿ, ನಮ್ಮದು ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಉಳಿದ ಕೆಲಸದವರೂ ನೋಡುತ್ತಿರುತ್ತಾರೆ. ಹೋಟೆಲು ಕೆಲಸಕ್ಕೆ ಜನ ಸಿಗದ ಈ ಕಾಲದಲ್ಲಿ ಒಬ್ಬನನ್ನು ರಾತ್ರೋರಾತ್ರಿ ಬಸ್ಸು ಹತ್ತಿಸಿದ ಧಣಿಯ ಹತ್ತಿರ ಒಳ್ಳೆಯ ಅಡುಗೆಯವನು ಉಳಿಯುವುದಿಲ್ಲ.

ಇಷ್ಟಾದರೂ ಸಣ್ಣ ಧಣಿ ಒಬ್ಬನೇ ನಿಲ್ಲಲಾರ ಎಂಬುದು ನಿಜ. ಅವನ ಭಯ ಸುಳ್ಳಲ್ಲ, ಅವನ ಹಿಂದೆ ಯಾರೂ ಇಲ್ಲ. ಉಡುಪಿ, ಕಾಪು, ಕಾರ್ಕಳದ ಹೋಟೆಲು ಮಾಲೀಕರ, ವರ್ತಕರ ಸಂಘಗಳು ಲೈಸೆನ್ಸಿಗೆ, ತೆರಿಗೆಗೆ ಒಟ್ಟಾಗಿ ಕಚೇರಿಗಳಿಗೆ ಹೋಗುತ್ತವೆ. ಇದಕ್ಕೂ ಒಂದು ವ್ಯವಸ್ಥೆ ಮಾಡಿಕೊಳ್ಳಲಿ: ವಿಚಾರಣೆಗೆ ಕೂರಲು ಒಪ್ಪುವ ಇಬ್ಬರು ನಿವೃತ್ತ ನ್ಯಾಯಾಧೀಶರೋ ವಕೀಲರೋ, ಮೊದಲ ದಿನದ ಹೇಳಿಕೆ ಬರೆದುಕೊಡಲು ಒಬ್ಬರು, ಮತ್ತು ವಿಚಾರಣೆ ಮುಗಿಯುವವರೆಗೆ ಯಾವ ಸದಸ್ಯನೂ ಯಾರನ್ನೂ ತೆಗೆಯುವುದಿಲ್ಲ ಎಂಬ ಒಂದು ಒಪ್ಪಂದ. ಆಗ ಹದಿನಾರು ಟೇಬಲ್ಲಿನ ಧಣಿ ಫೋನ್ ಎತ್ತಿ, “ಸಂಘದ ನಿಯಮ ಮಾರಾಯ್ರೆ, ನನ್ನ ಕೈಯಲ್ಲಿಲ್ಲ, ಗುರುವಾರ ಹೇಳ್ತೇನೆ” ಎನ್ನಬಹುದು. ಈ ವರ್ಷದ ಮಹಾಸಭೆಯಲ್ಲೇ ಸಂಘಗಳು ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕು.